ಹಂಪಿಯ ಒಂದು ಮಸೀದಿ ಯಾವ ಅಧ್ಯಾಯಕ್ಕೆ ಸೇರುತ್ತದೆ? ವಾಸ್ತುಶಿಲ್ಪದ ಕಾಲಗಳಿಗೆ ಧರ್ಮದ ಹೆಸರು ಇಡುವ ಬಗ್ಗೆ

ಕಲ್ಲುಹೂವು

ಎಲ್ಲರಿಗೂ ನಮಸ್ಕಾರ. ನಾನು ಆರ್ಕಿಟೆಕ್ಚರ್ ನಾಲ್ಕನೇ ವರ್ಷದಲ್ಲಿ ಓದುತ್ತಿದ್ದೇನೆ. ವಸಾಹತೋತ್ತರ ದೃಷ್ಟಿಯಿಂದ ಒಂದು ಪ್ರಬಂಧ ಬರೆಯಬೇಕು. ನಮ್ಮ ಇತಿಹಾಸದ ಪಠ್ಯದಲ್ಲಿ ಅಧ್ಯಾಯಗಳು ಹೀಗಿವೆ: ಬೌದ್ಧ ವಾಸ್ತುಶಿಲ್ಪ, ಹಿಂದೂ ವಾಸ್ತುಶಿಲ್ಪ, ಇಸ್ಲಾಮಿಕ್ ವಾಸ್ತುಶಿಲ್ಪ, ಆಮೇಲೆ ವಸಾಹತು ಕಾಲದ ವಾಸ್ತುಶಿಲ್ಪ. ಮೂರು ವರ್ಷ ಇದನ್ನೇ ಓದಿದೆ. ಏನೂ ಅನ್ನಿಸಿರಲಿಲ್ಲ.

ಹೋದ ತಿಂಗಳು ಹಂಪಿಗೆ ಹೋಗಿದ್ದೆ. ಕಮಲಾಪುರದ ಕಡೆಯಿಂದ ತಳವಾರಘಟ್ಟಕ್ಕೆ ಹೋಗುವ ದಾರಿಯಲ್ಲಿ ಬಿಸಿಲು ತಡೆಯಲಾಗದೆ ಒಂದು ಮಂಟಪದಲ್ಲಿ ಕೂತೆ. ಕಲ್ಲಿನ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ಮೇಲೆ ಚಪ್ಪಟೆ ಸೂರು. ಪೂರ್ವಕ್ಕೆ ತೆರೆದಿದೆ. ಎಲ್ಲೂ ಕಮಾನು ಇಲ್ಲ. ಹಂಪಿಯಲ್ಲಿ ಇಂಥವು ಎಷ್ಟೋ ಇವೆ ಅಂದುಕೊಂಡು ನೀರು ಕುಡಿದೆ. ಹಿಂದೆ ತಿರುಗಿದರೆ ಪಶ್ಚಿಮದ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಮೂರ್ತಿ ಇಲ್ಲ, ಮೂರ್ತಿ ಇಡುವ ಪೀಠವೂ ಇಲ್ಲ. ಅದು ಮಿಹ್ರಾಬ್, ನಮಾಜಿನ ದಿಕ್ಕು ತೋರಿಸುವ ಗೂಡು. ನಾನು ಕೂತಿದ್ದು ಅಹ್ಮದ್ ಖಾನನ ಮಸೀದಿಯಲ್ಲಿ!

ನನ್ನ ಪ್ರಶ್ನೆ ಇಷ್ಟೇ. ಈ ಕಟ್ಟಡವನ್ನು ಯಾವ ಅಧ್ಯಾಯದಲ್ಲಿ ಇಡಬೇಕು? ಕಟ್ಟಿದ ರೀತಿ ನೋಡಿದರೆ "ಹಿಂದೂ", ಬಳಸಿದ ರೀತಿ ನೋಡಿದರೆ "ಇಸ್ಲಾಮಿಕ್". ಈ ಹಣೆಪಟ್ಟಿಗಳು ಎಲ್ಲಿಂದ ಬಂದವು, ಯಾಕೆ ಇನ್ನೂ ಉಳಿದಿವೆ, ತಿಳಿದವರು ಹೇಳಿ.

ಹೊಸಪೇಟೆ ಹುಡುಗ

ಪರೀಕ್ಷೆಗಾದರೆ ಇಂಡೋ-ಇಸ್ಲಾಮಿಕ್ ಅಂತ ಬರೆಯಿರಿ, ಅಂಕ ಬರುತ್ತದೆ. ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಕಮಲ ಮಹಲ್, ಆನೆ ಲಾಯ, ರಾಣಿ ಸ್ನಾನಗೃಹ, ಮೂರೂ ಇಂಡೋ-ಇಸ್ಲಾಮಿಕ್. ವಿರೂಪಾಕ್ಷ, ವಿಠ್ಠಲ, ಹಜಾರರಾಮ ಹಿಂದೂ. ಅಷ್ಟೇ.

ಕಲ್ಲುಹೂವು

ಥ್ಯಾಂಕ್ಸ್, ಆದರೆ ನನಗೆ ಬೇಕಿರುವುದು ಉತ್ತರದ ಹೆಸರಲ್ಲ. ನೀವು ಹೇಳಿದ ಪಟ್ಟಿಯನ್ನೇ ನೋಡಿ. ರಾಜ ಕಟ್ಟಿಸಿದ ಕಮಲ ಮಹಲ್ "ಇಸ್ಲಾಮಿಕ್" ಕಡೆಗೆ ಹೋಯಿತು. ಮಸೀದಿ ನಿಮ್ಮ ಪಟ್ಟಿಯಲ್ಲೇ ಇಲ್ಲ.

ತುಂಗಾತೀರ

ಇದೆಲ್ಲ ಬ್ರಿಟಿಷರ ಕೆಲಸ. ಒಡೆದು ಆಳಬೇಕು ಅಂತ ಬೇಕೆಂದೇ ಹಿಂದೂ, ಮುಸ್ಲಿಂ ಅಂತ ವಿಂಗಡಿಸಿದರು. ಫರ್ಗುಸನ್ ಅನ್ನುವವನು ಶುರು ಮಾಡಿದ. ಅದಕ್ಕೂ ಮುಂಚೆ ನಮ್ಮವರು ಯಾರೂ ಹೀಗೆ ಹೇಳಿರಲಿಲ್ಲ. ಪ್ರಬಂಧದಲ್ಲಿ ಇದನ್ನು ನೇರವಾಗಿ ಬರೆಯಿರಿ, ಹೆದರಬೇಡಿ.

ಹಳೆ ಮೇಷ್ಟ್ರು

ಮೂವತ್ತು ವರ್ಷ ಕಾಲೇಜಿನಲ್ಲಿ ಇದೇ ಪಾಠ ಮಾಡಿದವನು ನಾನು. ನಾನೂ ಇದೇ ಅಧ್ಯಾಯಗಳಲ್ಲಿ ಪಾಠ ಮಾಡಿದೆ. ಆದ್ದರಿಂದ ಈ ಪ್ರಶ್ನೆ ನನಗೂ ತಾಗುತ್ತದೆ.

ತುಂಗಾತೀರ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಕಾಲಕ್ಕೆ ಧರ್ಮದ ಹೆಸರು ಕೊಟ್ಟಿದ್ದು ಮೊದಲು ವಾಸ್ತುಶಿಲ್ಪದಲ್ಲಿ ಅಲ್ಲ, ರಾಜಕೀಯ ಇತಿಹಾಸದಲ್ಲಿ. ಜೇಮ್ಸ್ ಮಿಲ್ 1817ರಲ್ಲಿ ಭಾರತದ ಇತಿಹಾಸ ಬರೆದಾಗ ಹಿಂದೂ, ಮಹಮ್ಮದೀಯ, ಬ್ರಿಟಿಷ್ ಅಂತ ಮೂರು ಭಾಗ ಮಾಡಿದ. ಮೂರನೆಯದನ್ನು ಗಮನಿಸಿ. ಅದು "ಕ್ರೈಸ್ತ ಕಾಲ" ಅಲ್ಲ. ಬೇರೆಯವರ ಕಾಲಕ್ಕೆ ಧರ್ಮದ ಹೆಸರು, ತಮ್ಮ ಕಾಲಕ್ಕೆ ಮಾತ್ರ ರಾಜ್ಯದ ಹೆಸರು. ನಿಮ್ಮ ಪಠ್ಯದ ನಾಲ್ಕು ಅಧ್ಯಾಯಗಳಲ್ಲೂ ಇದೇ ಆಗಿದೆ ಅಲ್ವಾ? ಬೌದ್ಧ, ಹಿಂದೂ, ಇಸ್ಲಾಮಿಕ್ ಆದ ಮೇಲೆ ಬರುವುದು "ವಸಾಹತು". ಪ್ರಬಂಧವನ್ನು ಇಲ್ಲಿಂದಲೇ ಶುರು ಮಾಡಬಹುದು.

ಇನ್ನು ಫರ್ಗುಸನ್. ಅವನು ಬಂದಿದ್ದು ಕಲ್ಕತ್ತೆಯ ನೀಲಿ ಬಣ್ಣದ ವ್ಯಾಪಾರದಿಂದ. ಊರೂರು ಸುತ್ತಿ ಕಟ್ಟಡಗಳನ್ನು ಕಣ್ಣಾರೆ ನೋಡಿದವನು. ಭಾರತದ ವಾಸ್ತುಶಿಲ್ಪದ ಇತಿಹಾಸದ ಮೇಲೆ 1876ರಲ್ಲಿ ಬಂದ ಅವನ ದೊಡ್ಡ ಪುಸ್ತಕದಲ್ಲಿ ಬೌದ್ಧ, ಜೈನ ಅನ್ನುವ ಭಾಗಗಳಿವೆ. ಆದರೆ ಅದರ ಪಕ್ಕದಲ್ಲೇ ದ್ರಾವಿಡ, ಚಾಳುಕ್ಯ, ಇಂಡೋ-ಆರ್ಯನ್ ಅಂತಲೂ ಇವೆ. ಅಂದರೆ ಒಂದು ಭಾಗಕ್ಕೆ ಧರ್ಮ ಅಳತೆ, ಇನ್ನೊಂದಕ್ಕೆ ರಾಜವಂಶ, ಮತ್ತೊಂದಕ್ಕೆ ಜನಾಂಗ. ಒಂದೇ ಪುಸ್ತಕದಲ್ಲಿ ಮೂರು ಅಳತೆಗೋಲು. ಅವನಿಗೆ ಜನಾಂಗವೇ ಮುಖ್ಯವಾಗಿತ್ತು. ಕಟ್ಟಡ ನೋಡಿದರೆ ಕಟ್ಟಿದ ಜನಾಂಗ ಯಾವುದು ಅಂತ ಹೇಳಬಹುದು ಎಂದು ನಂಬಿದ್ದ. ಬೌದ್ಧ ಸ್ತೂಪಗಳ ಕಾಲದ ಶಿಲ್ಪವೇ ಶ್ರೇಷ್ಠ, ಆಮೇಲೆ ಇಳಿಜಾರು ಅನ್ನುವುದು ಅವನ ಕಥೆ. ಧರ್ಮದ ಹೆಸರುಗಳನ್ನು ಸಾಲಾಗಿ ಜೋಡಿಸಿದರೆ ಆ ಇಳಿಜಾರಿನ ಕಥೆ ತಾನಾಗಿಯೇ ಓದಿಸಿಕೊಳ್ಳುತ್ತದೆ. ತೊಂದರೆ ಇರುವುದು ಅಲ್ಲಿ.

ಪಠ್ಯಗಳಲ್ಲಿ ಇದನ್ನು ಗಟ್ಟಿ ಮಾಡಿದ್ದು ಪರ್ಸಿ ಬ್ರೌನ್. ಭಾರತದ ವಾಸ್ತುಶಿಲ್ಪದ ಮೇಲಿನ ಅವನ ಪುಸ್ತಕ 1940ರ ದಶಕದ ಆರಂಭದಲ್ಲಿ ಎರಡು ಸಂಪುಟಗಳಲ್ಲಿ ಬಂತು. ಒಂದು ಬೌದ್ಧ ಮತ್ತು ಹಿಂದೂ ಕಾಲ, ಇನ್ನೊಂದು ಇಸ್ಲಾಮಿಕ್ ಕಾಲ. "ಕಾಲ" ಅನ್ನುವ ಪದವನ್ನು ಹಿಡಿದುಕೊಳ್ಳಿ. ವಿಜಯನಗರ ಮೊದಲ ಸಂಪುಟದಲ್ಲಿ, ವಿಜಾಪುರ ಎರಡನೆಯದರಲ್ಲಿ. ಅಕ್ಕಪಕ್ಕದ ರಾಜ್ಯಗಳು ಒಂದೇ ಶತಮಾನದಲ್ಲಿ ಕಟ್ಟಿದ್ದು ಎರಡು ಬೇರೆ "ಕಾಲ"ಗಳಿಗೆ ಹೋಯಿತು.

ತುಂಗಾತೀರ ಅವರ ಇನ್ನರ್ಧ ಮಾತು ಮಾತ್ರ ನಿಲ್ಲುವುದಿಲ್ಲ. 1834ರಲ್ಲಿ ಲಂಡನ್ನಿನಲ್ಲಿ ಒಂದು ಪ್ರಬಂಧ ಅಚ್ಚಾಯಿತು. ವಿಷಯ "ಹಿಂದೂಗಳ ವಾಸ್ತುಶಿಲ್ಪ". ಬರೆದವರು ರಾಮ್ ರಾಜ್, ನಮ್ಮ ಬೆಂಗಳೂರಿನಲ್ಲೇ ನ್ಯಾಯಾಧೀಶರಾಗಿದ್ದವರು. ಮಾನಸಾರದಂಥ ಶಿಲ್ಪಗ್ರಂಥಗಳನ್ನು ಓದಿ, ಶಿಲ್ಪಿಗಳನ್ನು ಕೇಳಿ ಬರೆದರು. ಪುಸ್ತಕ ಬರುವಷ್ಟರಲ್ಲಿ ತೀರಿಕೊಂಡಿದ್ದರು. ಹೆಸರಿನಲ್ಲಿ "ಹಿಂದೂ" ಇದೆ. ಫರ್ಗುಸನ್‌ಗಿಂತ ನಲವತ್ತು ವರ್ಷ ಮೊದಲು. ಹಾಗಾಗಿ ಎಲ್ಲವನ್ನೂ ಒಬ್ಬ ಬಿಳಿಯನ ತಲೆಗೆ ಕಟ್ಟಿದರೆ ನಿಮ್ಮ ಪ್ರಬಂಧ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.

ತುಂಗಾತೀರ

ರಾಮ್ ರಾಜ್ ಅವರ ವಿಷಯ ಗೊತ್ತಿರಲಿಲ್ಲ ಸರ್. ಆದರೆ ಅವರೂ ಬರೆದಿದ್ದು ಇಂಗ್ಲಿಷಿನಲ್ಲಿ, ಇಂಗ್ಲಿಷರು ಓದಲಿ ಅಂತ ತಾನೇ? ಓದುವವರು ಕೇಳಿದ ಪದವನ್ನೇ ಇಟ್ಟಿರಬಹುದು. ನಮ್ಮ ಶಿಲ್ಪಿಗಳು ತಮ್ಮೊಳಗೆ ಏನೆಂದು ಕರೆಯುತ್ತಿದ್ದರು?

ಹಳೆ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಹಡಗಲಿ ಸೀಮೆಯ ಹೊಳಲಿನಲ್ಲಿ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ಶಾಸನದಲ್ಲಿ ಬಮ್ಮೋಜ ಅನ್ನುವ ಶಿಲ್ಪಿಯನ್ನು ಹೊಗಳುವಾಗ ನಾಗರ, ಕಾಳಿಂಗ, ದ್ರಾವಿಡ, ವೇಸರ ಅನ್ನುವ ನಾಲ್ಕು ಬಗೆಗಳ ಮಾತು ಬರುತ್ತದೆ. ಈ ನಾಲ್ಕರಲ್ಲಿ ಯಾವುದೂ ಶೈವವಲ್ಲ, ವೈಷ್ಣವವಲ್ಲ, ಜೈನವಲ್ಲ. ಕಟ್ಟಡದ ರೂಪಕ್ಕೆ ಅವರು ಇಟ್ಟ ಹೆಸರುಗಳು. ಹಾಗಂತ ಶಿಲ್ಪಗ್ರಂಥಗಳು ಪೂರ್ತಿ ನಿರ್ಲಿಪ್ತ ಅಂತ ತಿಳಿಯಬೇಡಿ. ಕೆಲವು ಗ್ರಂಥಗಳು ಇದೇ ಬಗೆಗಳನ್ನು ದೇವರಿಗೂ ವರ್ಣಕ್ಕೂ ಗಂಟು ಹಾಕುತ್ತವೆ.

ಗಾರೆ ಮನೆ

ನಮಸ್ಕಾರ. ನನಗೆ ಪುಸ್ತಕದ ವಿಷಯ ಜಾಸ್ತಿ ಗೊತ್ತಿಲ್ಲ. ನಮ್ಮಪ್ಪ ಗಾರೆ ಕೆಲಸದವರು. ಹಳೆಯ ಮನೆಗಳ, ಗುಡಿಗಳ ದುರಸ್ತಿಗೆ ಹೋಗುತ್ತಿದ್ದರು. ನಾನೂ ಜೊತೆಗೆ ಹೋಗಿ ಸುಣ್ಣ ಅರೆದಿದ್ದೇನೆ.

ಕಮಲ ಮಹಲಿನ ಮಾತು ಬಂತಲ್ಲ, ಅದನ್ನು ಹತ್ತಿರದಿಂದ ನೋಡಿ. ಅದು ದೇವಸ್ಥಾನದ ಹಾಗೆ ಕಲ್ಲಿನ ಕಂಬ, ಕಲ್ಲಿನ ತೊಲೆಯ ಕೆಲಸ ಅಲ್ಲ. ಇಟ್ಟಿಗೆ, ಸುಣ್ಣ, ಮೇಲೆ ಗಾರೆ. ಕಲ್ಲಿನ ತೊಲೆಗೆ ಒಂದು ಮಿತಿ ಇದೆ. ಎರಡು ಕಂಬದ ನಡುವೆ ಜಾಗ ಜಾಸ್ತಿ ಆದರೆ ತೊಲೆ ಅಡಿಯಿಂದ ಬಿರುಕು ಬಿಡುತ್ತದೆ. ಅದಕ್ಕೇ ದೇವಸ್ಥಾನದೊಳಗೆ ಅಷ್ಟು ಕಂಬ. ಇಟ್ಟಿಗೆಯಲ್ಲಿ ತೊಲೆ ಮಾಡಲು ಬರುವುದೇ ಇಲ್ಲ, ಕಮಾನೇ ಕಟ್ಟಬೇಕು. ಕೆಳಗೆ ಮರದ ಆಸರೆ ಕೊಟ್ಟು, ಎರಡೂ ಕಡೆಯಿಂದ ಏರಿಸಿಕೊಂಡು ಬಂದು, ನಡುವೆ ಬೀಗ ಹಾಕಿದ ಹಾಗೆ ಕೊನೆಯ ತುಂಡು ಕೂರಿಸುತ್ತಾರೆ. ಸುಣ್ಣ ಬಿಗಿದ ಮೇಲೆ ಆಸರೆ ತೆಗೆಯುವುದು. ನಮ್ಮಪ್ಪ ಆಸರೆ ತೆಗೆಯುವ ದಿನ ಯಾರನ್ನೂ ಕೆಳಗೆ ನಿಲ್ಲಲು ಬಿಡುತ್ತಿರಲಿಲ್ಲ.

ಕಮಾನು ಅನ್ನುವ ಪದ ಪಾರ್ಸಿಯದು ಅಂತ ನನಗೆ ಗೊತ್ತಾಗಿದ್ದು ಈಚೆಗೆ. ನಮಗೆ ಅದು ಕೆಲಸದ ಪದ, ಅಷ್ಟೇ. ನಮ್ಮಪ್ಪ ಮಠಕ್ಕೂ ಕಮಾನು ಕಟ್ಟಿದರು, ದರ್ಗಾಕ್ಕೂ ಕಟ್ಟಿದರು. ಒಂದು ಹಿಂದೂ ಕಮಾನು, ಇನ್ನೊಂದು ಮುಸ್ಲಿಂ ಕಮಾನು ಅಂತ ಅವರು ಹೇಳಿದ್ದು ನನಗೆ ನೆನಪಿಲ್ಲ.

ಕಲ್ಲುಹೂವು

ಅಕ್ಕಾ, ಇದು ನನಗೆ ತುಂಬಾ ಉಪಯೋಗ. ಕಮಲ ಮಹಲಿನಲ್ಲಿ ಕೆಳಗೆ ಎಸಳೆಸಳಾದ ಕಮಾನು, ನಡುವೆ ಬಾಗಿದ ಸೂರಂಚು, ಮೇಲೆ ದೇವಸ್ಥಾನದ ಶಿಖರದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಪುರಗಳು. ನಮ್ಮ ಪಠ್ಯ ಇದನ್ನು "ಹಿಂದೂ-ಇಸ್ಲಾಮಿಕ್ ಶೈಲಿಗಳ ಮಿಶ್ರಣ" ಅನ್ನುತ್ತದೆ. ಮಿಶ್ರಣ ಅಂದಾಗಲೂ ಮೊದಲು ಎರಡು ಬೇರೆ ಬೇರೆ ಡಬ್ಬಿಗಳಿದ್ದವು ಅಂತ ಒಪ್ಪಿಕೊಂಡ ಹಾಗೇ ಆಯಿತಲ್ಲ?

ಹಳೆ ಮೇಷ್ಟ್ರು

ಹೌದು. "ಮಿಶ್ರಣ" ಸೌಜನ್ಯದ ಪದ, ಆದರೆ ಅಡಿಪಾಯ ಅದೇ. ಆ ಕಟ್ಟಡಗಳ ಈಗಿನ ಹೆಸರುಗಳನ್ನೂ ಅನುಮಾನಿಸಿ. ಕಮಲ ಮಹಲ್ ಇರುವ ಆವರಣಕ್ಕೆ "ಜನಾನಾ" ಅನ್ನುವ ಹೆಸರು ಅಂಟಿಕೊಂಡಿದೆ. ಅಲ್ಲಿ ರಾಣಿಯರೇ ಇದ್ದರು ಅನ್ನುವುದಕ್ಕೆ ಆ ಕಾಲದ ಆಧಾರ ಇಲ್ಲ. ಕಮಾನು ಕಂಡ ಕೂಡಲೇ ಜನಾನಾ ನೆನಪಾಗುವುದು ನೋಡುವವರ ಕಣ್ಣಿನ ವಿಷಯ.

ಈಗ ನಿಮ್ಮ ಮಸೀದಿಗೆ ಬರುತ್ತೇನೆ. ಅಲ್ಲಿ ಒಂದು ಶಾಸನ ಇದೆ. 1439ರದ್ದು, ಎರಡನೇ ದೇವರಾಯನ ಆಳ್ವಿಕೆ. ಭಾಷೆ ಕನ್ನಡ. ರಾಜನ ಸೇವೆಯಲ್ಲಿದ್ದ ಅಹ್ಮದ್ ಖಾನ ದೇವರಾಯನಿಗೆ ಪುಣ್ಯವಾಗಲಿ ಎಂದು ಇದನ್ನು ಕಟ್ಟಿಸಿದ ಅನ್ನುತ್ತದೆ. ಕಟ್ಟಡಕ್ಕೆ ಆ ಶಾಸನ ಕೊಡುವ ಹೆಸರು ಏನು ಗೊತ್ತೇ? "ಧರ್ಮಸಾಲೆ". ಮಸೀದಿ ಅನ್ನುವ ಪದ ಅಲ್ಲಿಲ್ಲ.

ಕಲ್ಲುಹೂವು

ಧರ್ಮಸಾಲೆ! ಅಲ್ಲೇ ಅರ್ಧ ಗಂಟೆ ಕೂತಿದ್ದೆ, ಶಾಸನ ಇದೆ ಅಂತಲೇ ಗೊತ್ತಾಗಲಿಲ್ಲ. ಹಾಗಾದರೆ ಕಟ್ಟಿಸಿದವನೇ ಇಟ್ಟ ಹೆಸರು ನಮ್ಮ ಯಾವ ಅಧ್ಯಾಯಕ್ಕೂ ಹೊಂದುವುದಿಲ್ಲ.

ಬಿಜ್ಜರಗಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ವಿಜಾಪುರದ ಕಡೆಯವರು. ನಮ್ಮಲ್ಲಿ ಕರೀಮುದ್ದೀನನ ಮಸೀದಿ ಇದೆ, 1320ರದ್ದು. ಒಳಗೆ ಹೋದರೆ ಅದೂ ಕಂಬದ ಮಂಟಪವೇ. ಆದರೆ ಆ ಕಂಬಗಳು ಹಳೆಯ ದೇವಸ್ಥಾನಗಳದ್ದು. ತಂದು ನಿಲ್ಲಿಸಿದ್ದು. ಚಿಕ್ಕಂದಿನಿಂದ ನೋಡಿದ್ದೇನೆ, ಒಂದು ಕಂಬದ ಎತ್ತರ ಇನ್ನೊಂದಕ್ಕೆ ಸರಿಹೊಂದುವುದಿಲ್ಲ.

ಧರ್ಮದ ಹೆಸರು ತೆಗೆದುಬಿಟ್ಟರೆ ಇದನ್ನು ಹೇಗೆ ಹೇಳುತ್ತೀರಿ? "ಕಂಬ-ತೊಲೆ ಪದ್ಧತಿ ಮುಂದುವರಿಯಿತು" ಅಂತ ಬರೆದು ಕೈತೊಳೆದುಕೊಂಡರೆ ಅಲ್ಲಿ ನಡೆದದ್ದನ್ನು ಮುಚ್ಚಿಟ್ಟ ಹಾಗೆ ಆಗುವುದಿಲ್ಲವೇ? ವಸಾಹತೋತ್ತರ ಓದು ಅಂದರೆ ಎಲ್ಲರೂ ಚೆನ್ನಾಗಿದ್ದರು, ಬ್ರಿಟಿಷರು ಬಂದು ಕೆಡಿಸಿದರು ಅನ್ನುವುದಾದರೆ ನನಗೆ ಒಪ್ಪಿಗೆ ಇಲ್ಲ.

ತುಂಗಾತೀರ

ಈ ವಿಷಯ ಎತ್ತಿದರೆ ಚರ್ಚೆ ಬೇರೆ ಕಡೆ ಹೋಗುತ್ತದೆ ಸರ್.

ಗಾರೆ ಮನೆ

ಹೋಗಲಿ ಬಿಡಿ, ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಬೇರೆ ಕಟ್ಟಡದ ಕಂಬ ತಂದು ನಿಲ್ಲಿಸಿದರೆ ಕೆಲಸದವರಿಗೆ ಗೊತ್ತಾಗೇ ಆಗುತ್ತದೆ. ಅಡಿಯಲ್ಲಿ ಒಂದು ಕಲ್ಲು ಕೊಟ್ಟು ಎತ್ತರ ಸರಿ ಮಾಡಿರುತ್ತಾರೆ.

ಹಳೆ ಮೇಷ್ಟ್ರು

ಬಿಜ್ಜರಗಿ ಅವರ ಮಾತನ್ನು ಪ್ರಬಂಧದಲ್ಲಿ ಇಡಲೇಬೇಕು, ಪಕ್ಕಕ್ಕೆ ಸರಿಸಬಾರದು. ನಾನು ಹೀಗೆ ನೋಡುತ್ತೇನೆ. 1320ರ ಆ ಕಟ್ಟಡದಲ್ಲಿ ನಮಗೆ ಬೇಕಾದ ವಿವರಗಳು: ಯಾರು ಕಟ್ಟಿಸಿದರು, ಯಾವ ದಂಡಯಾತ್ರೆಯ ಬೆನ್ನಿಗೆ, ಕಂಬಗಳು ಎಲ್ಲಿಂದ ಬಂದವು. ಇದನ್ನೆಲ್ಲ ಬರೆಯಲು "ಇಸ್ಲಾಮಿಕ್ ಕಾಲ" ಅನ್ನುವ ಹೆಸರು ಸಹಾಯ ಮಾಡುತ್ತದೆಯೇ? ಆ ಹೆಸರಿನಡಿ 1320ರ ಕರೀಮುದ್ದೀನನ ಮಸೀದಿಯೂ ಒಂದೇ, ಮುನ್ನೂರು ವರ್ಷದ ಮೇಲಿನ ಗೋಳಗುಮ್ಮಟವೂ ಒಂದೇ. ಒಂದು ಗೆದ್ದವರು ಸಿಕ್ಕಿದ್ದನ್ನು ಜೋಡಿಸಿ ಅವಸರದಲ್ಲಿ ಮಾಡಿದ್ದು. ಇನ್ನೊಂದು ಇಲ್ಲೇ ತಲೆಮಾರುಗಳಿಂದ ನೆಲೆಸಿದ ಸುಲ್ತಾನರು ಹೊಸದಾಗಿ ಕಟ್ಟಿದ್ದು. ಧರ್ಮದ ಹಣೆಪಟ್ಟಿ ಎರಡನ್ನೂ ಒಂದೇ ಬಣ್ಣದಲ್ಲಿ ಅದ್ದಿಬಿಡುತ್ತದೆ. ಹಣೆಪಟ್ಟಿ ತೆಗೆದಾಗಲೇ ಕೆಡವಿದ್ದು ಯಾವುದು, ಕಟ್ಟಿದ್ದು ಯಾವುದು ಅಂತ ಬೇರೆ ಬೇರೆಯಾಗಿ ಹೇಳಲು ಆಗುವುದು.

ಬಿಜ್ಜರಗಿ

ಅರ್ಧ ಒಪ್ಪುತ್ತೇನೆ ಮೇಷ್ಟ್ರೇ. ಆದರೆ ಕಟ್ಟಿಸಿದವರು ತಮ್ಮ ಧರ್ಮದ ಹೆಸರಿನಲ್ಲೇ ಹೆಮ್ಮೆಯಿಂದ ಹೇಳಿಕೊಂಡ ಕಡೆ ಏನು ಮಾಡುತ್ತೀರಿ? ಅವರ ಮಾತನ್ನೂ ಕೇಳಬೇಕಲ್ಲ.

ಹಳೆ ಮೇಷ್ಟ್ರು

ಕೇಳಬೇಕು. ಅದು ಅವರ ಮಾತು ಅಂತ ಹೇಳಿ ಕೇಳಬೇಕು. ವಿಜಯನಗರದ ಅರಸರು "ಹಿಂದೂರಾಯ ಸುರತ್ರಾಣ" ಅಂತ ಬಿರುದು ಇಟ್ಟುಕೊಂಡರು. ಸುರತ್ರಾಣ ಅಂದರೆ ಸುಲ್ತಾನ. ಹಿಂದೂ ರಾಜರಲ್ಲಿ ಸುಲ್ತಾನ! ಆ ಬಿರುದಿನಲ್ಲಿ "ಹಿಂದೂ" ಅನ್ನುವ ಪದವೂ ಇದೆ, ಸುಲ್ತಾನರ ಠೀವಿಯೂ ಇದೆ. ಕಮಲ ಮಹಲ್, ಆನೆ ಲಾಯಗಳ ಕಮಾನು ಗುಮ್ಮಟಗಳನ್ನು ನಾನು ಈ ಬಿರುದಿನ ಜೊತೆ ಓದುತ್ತೇನೆ. ಅದು ಮತದ ಗುರುತಲ್ಲ, ಆಸ್ಥಾನದ ಗುರುತು. ಆ ಕಾಲದಲ್ಲಿ ದೊಡ್ಡ ರಾಜ ಅಂತ ಕಾಣಬೇಕಾದರೆ ಹೀಗೆ ಕಟ್ಟಿಸಬೇಕಿತ್ತು. ಅದೇ ಅರಸರು ದೇವರಿಗೆ ಕಟ್ಟಿಸುವಾಗ ಕಂಬ, ತೊಲೆ, ಗೋಪುರದ ದಾರಿ ಬಿಡಲಿಲ್ಲ.

ನೀಲಾಂಬರಿ

ನಾನು ಜರ್ಮನಿಯಲ್ಲಿ ಕಲಾ ಇತಿಹಾಸ ಓದುತ್ತಿದ್ದೇನೆ, ಊರು ಧಾರವಾಡ. ಇಲ್ಲಿನ ಪುಸ್ತಕಗಳಲ್ಲಿ ರೊಮನೆಸ್ಕ್, ಗಾಥಿಕ್, ಬರೋಕ್ ಅಂತ ಅಧ್ಯಾಯಗಳು. ಇವುಗಳ ಮುಖ್ಯ ಉದಾಹರಣೆಗಳು ಬಹುತೇಕ ಚರ್ಚುಗಳೇ. ಆದರೂ "ಕ್ರೈಸ್ತ ವಾಸ್ತುಶಿಲ್ಪ" ಅನ್ನುವುದಿಲ್ಲ. ಹಾಗಂತ ಯೂರೋಪಿನಲ್ಲಿ ಧರ್ಮದ ಹೆಸರೇ ಇಲ್ಲ ಅಂತ ಬರೆಯಬೇಡಿ, "ಆರಂಭಿಕ ಕ್ರೈಸ್ತ" ಅನ್ನುವ ಅಧ್ಯಾಯ ಇದೆ. ಆದರೆ ಅಲ್ಲಿಗೆ ಅದು ಮುಗಿದು ಮುಂದೆ ಶೈಲಿಗಳು ಒಂದರಿಂದ ಒಂದು ಬೆಳೆಯುತ್ತವೆ.

ಬ್ಯಾನಿಸ್ಟರ್ ಫ್ಲೆಚರನ ವಾಸ್ತುಶಿಲ್ಪ ಇತಿಹಾಸದ ಪುಸ್ತಕ ನಿಮ್ಮ ಲೈಬ್ರರಿಯಲ್ಲಿ ಇದ್ದೇ ಇರುತ್ತದೆ. ಅದರ 1901ರ ಆವೃತ್ತಿಯಲ್ಲಿ ಯೂರೋಪಿನ ಶೈಲಿಗಳನ್ನು "ಐತಿಹಾಸಿಕ" ಎಂದೂ, ಭಾರತ, ಚೀನಾ, ಜಪಾನ್ ಮತ್ತು ಸಾರಸೆನಿಕ್ ಅಂದರೆ ಇಸ್ಲಾಮಿಕ್ ಶೈಲಿಗಳನ್ನು "ಐತಿಹಾಸಿಕವಲ್ಲದ" ಶೈಲಿಗಳು ಎಂದೂ ಬೇರೆ ಮಾಡಿದ್ದಾನೆ. ಒಂದು ಕಡೆ ಕಾಲ ಓಡುತ್ತದೆ, ಇನ್ನೊಂದು ಕಡೆ ನಿಂತಿರುತ್ತದೆ. ಧರ್ಮದ ಹೆಸರು ಅಂಟಿಕೊಂಡಿದ್ದು ಆ ನಿಂತ ಕಡೆಗೆ.

ಹೊಸಪೇಟೆ ಹುಡುಗ

ಹಾಗಾದರೆ ರಾಜವಂಶದ ಹೆಸರು ಇಟ್ಟರೆ ಸಮಸ್ಯೆ ಮುಗಿಯಿತಲ್ಲ? ಚಾಲುಕ್ಯ, ಹೊಯ್ಸಳ, ವಿಜಯನಗರ, ಆದಿಲ್‌ಶಾಹಿ. ಪರೀಕ್ಷೆಗೂ ಸುಲಭ.

ಹಳೆ ಮೇಷ್ಟ್ರು

ಧರ್ಮದ ಹೆಸರಿಗಿಂತ ಮೇಲು. ಆದರೆ ಮುಗಿಯಲಿಲ್ಲ. ಸೋಮನಾಥಪುರದ ಕೇಶವ ದೇವಾಲಯ ಕಟ್ಟಿಸಿದವನು ಸೋಮನಾಥ ದಂಡನಾಯಕ, ರಾಜನಲ್ಲ. ಹಳೇಬೀಡಿನದ್ದರ ಜೊತೆ ಕೇತಮಲ್ಲ ಅನ್ನುವ ಅಧಿಕಾರಿಯ ಹೆಸರು ಬರುತ್ತದೆ. "ಹೊಯ್ಸಳ" ಅಂದಾಗ ಅವರೆಲ್ಲ ರಾಜನ ನೆರಳಿಗೆ ಹೋಗುತ್ತಾರೆ.

ನನಗೆ ಇಷ್ಟವಾದ ಒಂದು ಅಳತೆ ಹೇಳುತ್ತೇನೆ, ಕಲ್ಲು. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಮರಳುಗಲ್ಲು. ಹನ್ನೊಂದನೇ ಶತಮಾನದ ಹೊತ್ತಿಗೆ ಲಕ್ಕುಂಡಿ ಕಡೆ ಬಳಪದ ಕಲ್ಲು ಬಂತು. ಮೆದು ಕಲ್ಲು, ಆದ್ದರಿಂದ ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು, ತಿರುಗಣೆಗೆ ಹಾಕಿ ಉರುಟು ಕಂಬ ಮಾಡುವುದೂ ಸಾಧ್ಯವಾಯಿತು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಬ್ರಹ್ಮ ಜಿನಾಲಯ ಇದೆ, ಕಾಶಿವಿಶ್ವೇಶ್ವರವೂ ಇದೆ. ಒಂದು ಜೈನ, ಒಂದು ಶೈವ. ಎರಡರ ಗೋಡೆಯನ್ನೂ ಮುಟ್ಟಿ ನೋಡಿ. ಬಾದಾಮಿಯ ಶೈವ ಗುಹೆಗೂ ಲಕ್ಕುಂಡಿಯ ಶೈವ ಗುಡಿಗೂ ಇರುವ ದೂರ, ಲಕ್ಕುಂಡಿಯ ಆ ಎರಡು ಗುಡಿಗಳ ನಡುವೆ ಇಲ್ಲ.

ಬಿಜ್ಜರಗಿ

ಕಲ್ಲನ್ನೇ ಅಳತೆ ಮಾಡಿದರೆ ಒಳಗೆ ಜಿನ ಕೂತಿದ್ದಾನೋ ಲಿಂಗ ಇದೆಯೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಪೂಜೆ ಮಾಡುವವರಿಗೆ ಅದೇ ಮುಖ್ಯ.

ಕಲ್ಲುಹೂವು

ಎಲ್ಲರ ಮಾತೂ ಬರೆದುಕೊಂಡೆ. ಪ್ರಬಂಧ ಹೀಗೆ ಮಾಡೋಣ ಅಂದುಕೊಂಡಿದ್ದೇನೆ. ಒಂದೇ ಕಟ್ಟಡ ಹಿಡಿಯುತ್ತೇನೆ, ಅಹ್ಮದ್ ಖಾನನ ಧರ್ಮಸಾಲೆ. "ಇಸ್ಲಾಮಿಕ್ ಕಾಲ" ಅನ್ನುವ ಹೆಸರು ಅದರ ಬಗ್ಗೆ ಏನನ್ನು ಸರಿಯಾಗಿ ಹೇಳುತ್ತದೆ, ಏನನ್ನು ತಪ್ಪಾಗಿ ಹೇಳುತ್ತದೆ ಅಂತ ನೋಡುತ್ತೇನೆ. ಪಶ್ಚಿಮದ ಗೋಡೆ, ಗೂಡು, ಮೂರ್ತಿ ಇಲ್ಲದಿರುವುದು, ಇವನ್ನು ಧರ್ಮವೇ ವಿವರಿಸುತ್ತದೆ. ಬಿಜ್ಜರಗಿ ಸರ್ ಹೇಳಿದ್ದು ಇಲ್ಲಿಗೆ ಬರುತ್ತದೆ. ಆದರೆ ಕಂಬ, ತೊಲೆ, ಕಲ್ಲು, ಶಾಸನದ ಭಾಷೆ, ರಾಜನ ಪುಣ್ಯದ ಮಾತು, ಇವು ಯಾವುದನ್ನೂ ಅದು ವಿವರಿಸುವುದಿಲ್ಲ. ಅಂದರೆ ಧರ್ಮ ಕಟ್ಟಡದ ಬಳಕೆಯನ್ನು ಹೇಳಬಲ್ಲದು. ಕಾಲವನ್ನೂ ಕಟ್ಟುವ ರೀತಿಯನ್ನೂ ಹೇಳಲಾರದು. ಇಲ್ಲಿಂದ ಮಿಲ್, ಫರ್ಗುಸನ್, ಬ್ರೌನ್ ಕಡೆಗೆ ಹೋಗುತ್ತೇನೆ. ರಾಮ್ ರಾಜ್ ಅವರನ್ನು ಬಿಡುವುದಿಲ್ಲ. ಸರಿ ಇದೆಯೇ?

ಹಳೆ ಮೇಷ್ಟ್ರು

ಸರಿ ಇದೆ. ಆದರೆ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ. ಧರ್ಮಸಾಲೆಯ ಪಕ್ಕದಲ್ಲೇ ಒಂದು ಗೋರಿ ಇದೆಯಲ್ಲ, ನೋಡಿದಿರಾ?

ಕಲ್ಲುಹೂವು

ನೋಡಿದೆ ಸರ್. ಚೌಕದ ಕಟ್ಟಡ, ಮೇಲೆ ಗುಮ್ಮಟ. ಫೋಟೋ ಮಾತ್ರ ತೆಗೆದೆ.

ಹಳೆ ಮೇಷ್ಟ್ರು

ಅದು ಬಹಮನಿ ಕಡೆಯ ಗೋರಿಗಳ ಹಾಗೇ ಇದೆ. ಕಮಾನು, ಗುಮ್ಮಟ ಎಲ್ಲ ಇವೆ. ಅಂದರೆ ಆ ಊರಿನಲ್ಲಿ ಗುಮ್ಮಟ ಕಟ್ಟಲು ಬರುವವರು ಇದ್ದರು. ಆದರೂ ಪ್ರಾರ್ಥನೆಯ ಕಟ್ಟಡವನ್ನು ಕಂಬದ ಮಂಟಪದ ಹಾಗೆ ಕಟ್ಟಿದರು, ಸಮಾಧಿಯನ್ನು ಮಾತ್ರ ಗುಮ್ಮಟದಲ್ಲಿ. "ಸ್ಥಳೀಯ ಕೆಲಸಗಾರರಿಗೆ ಅಷ್ಟೇ ಗೊತ್ತಿತ್ತು" ಅನ್ನುವ ಸುಲಭದ ಉತ್ತರ ಇಲ್ಲಿ ನಡೆಯುವುದಿಲ್ಲ. ಯಾರೋ ಬೇಕೆಂದೇ ಆರಿಸಿದ್ದಾರೆ. ಯಾಕೆ?

ಬಿಜ್ಜರಗಿ

ರಾಜನ ಊರಿನಲ್ಲಿ ಎದ್ದು ಕಾಣಬಾರದು ಅಂತ ಇರಬಹುದು. ಧರ್ಮಸಾಲೆ ಅನ್ನುವ ಹೆಸರೂ ಅದಕ್ಕೇ ಇರಬಹುದು.

ತುಂಗಾತೀರ

ಇಲ್ಲ ಸರ್, ಎದ್ದು ಕಾಣಬಾರದು ಅಂತಿದ್ದರೆ ಪಕ್ಕದಲ್ಲೇ ಗುಮ್ಮಟ ಯಾಕೆ ಬರುತ್ತಿತ್ತು? ಗುಮ್ಮಟ ದೂರದಿಂದಲೇ ಕಾಣುತ್ತದೆ. ರಾಜನ ಪುಣ್ಯಕ್ಕೆ ಕಟ್ಟಿದ್ದು ರಾಜನ ರೀತಿಯಲ್ಲಿ, ಸಮಾಧಿ ಮಾತ್ರ ತಮ್ಮ ಮನೆತನದ ರೀತಿಯಲ್ಲಿ ಅಂತ ನನಗೆ ಅನ್ನಿಸುತ್ತದೆ.

ಗಾರೆ ಮನೆ

ನೀವು ಇನ್ನೊಂದು ಸಲ ಹೋದರೆ ಒಂದು ಕೆಲಸ ಮಾಡಿ. ಎರಡೂ ಕಟ್ಟಡಗಳ ಪಾಯದ ಕಲ್ಲು ನೋಡಿ. ಕಲ್ಲು ಸೀಳಿದ ಉಳಿ ಗುರುತಿನ ಸಾಲು ಎರಡರಲ್ಲೂ ಒಂದೇ ಥರ ಇದೆಯಾ, ಕಲ್ಲಿಗೆ ಕಲ್ಲು ಕೂರಿಸಿದ ಸಂದಿ ಒಂದೇ ಥರ ಇದೆಯಾ ನೋಡಿ. ಒಂದೇ ಥರ ಇದ್ದರೆ ಒಂದೇ ಗುಂಪಿನವರು ಎರಡನ್ನೂ ಕಟ್ಟಿರುವ ಸಾಧ್ಯತೆ ಇದೆ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಬೆಳಿಗ್ಗೆ ಏಳಕ್ಕೇ ಹೋಗಿ, ಓರೆ ಬಿಸಿಲಿನಲ್ಲಿ ಉಳಿ ಗುರುತು ಚೆನ್ನಾಗಿ ಕಾಣುತ್ತದೆ.

ಕಲ್ಲುಹೂವು

ಶನಿವಾರ ಹೋಗುತ್ತೇನೆ ಅಕ್ಕಾ. ಫೋಟೋಗಳನ್ನು ಇಲ್ಲೇ ಹಾಕುತ್ತೇನೆ.